ತುದಿ ಒಣಗಿದ ಭತ್ತದ ಗರಿ: ಸಿಂಧನೂರು ಸೀಮೆಯ ಒಂದು ಪ್ರಕರಣ

ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ಒಂದು ವಿತರಣಾ ಕಾಲುವೆಯ ಕೊನೆ ಭಾಗದಲ್ಲಿ, ನಾಲ್ಕು ಎಕರೆ ಭತ್ತ ಹಚ್ಚಿದ್ದ ರೈತರೊಬ್ಬರು ಸೆಪ್ಟೆಂಬರ್ ಮೂರನೆಯ ವಾರದ ಒಂದು ಮಧ್ಯಾಹ್ನ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಕಳಿಸಿದರು. ಕಿತ್ತ ಗರಿಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ತೆಗೆದ ಚಿತ್ರ. ತುದಿಯಿಂದ ಸುಮಾರು ಮೂರು ಅಂಗುಲದಷ್ಟು ಭಾಗ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿತ್ತು, ಅಲ್ಲಿಂದ ಕೆಳಗೆ ಒಂದು ಅಂಚಿನಗುಂಟ ಹಳದಿ ಇಳಿದಿತ್ತು. ಜೊತೆಗೆ ಒಂದೇ ಸಾಲು ಬರೆದಿದ್ದರು: "ಸರ್, ನೆಲ್ಲಿನ ಗರಿ ತುದಿ ಒಣಗಾಕತ್ಯಾವ್ರೀ, ಏನು ಎಣ್ಣಿ ಹೊಡೀಬೇಕ್ರೀ?" ನಾನು ಆ ಭಾಗದ ರೈತ ಉತ್ಪಾದಕರ ಕಂಪನಿಯೊಂದಕ್ಕೆ ಬೆಳೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಈ ಗರಿಯ ವಿಷಯದಲ್ಲಿ ನಾವೆಲ್ಲ ಎಲ್ಲಿ ಎಡವಿದೆವು, ಸರಿಯಾದ ಕಾರಣ ಹೇಗೆ ತಿಳಿಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಫೋಟೊ ಬಂದ ಎರಡು ನಿಮಿಷದೊಳಗೆ ಗುಂಪಿನಲ್ಲಿದ್ದ ಗೊಬ್ಬರದ ಅಂಗಡಿಯವರೊಬ್ಬರು "ಇದು ಬಿಎಲ್‌ಬಿನೇ, ಅನುಮಾನ ಬ್ಯಾಡ" ಎಂದು ಉತ್ತರಿಸಿದರು. ಬಿಎಲ್‌ಬಿ ಎಂದರೆ ದುಂಡಾಣು ಎಲೆ ಅಂಗಮಾರಿ. ನಾನೂ ಚಿತ್ರ ನೋಡಿದೆ, ನನಗೂ ಹಾಗೆಯೇ ಅನ್ನಿಸಿತು. ಖಚಿತಪಡಿಸಿಕೊಳ್ಳಲೆಂದು ರೈತರಿಗೆ ಫೋನ್ ಮಾಡಿ, ಬೆಳಿಗ್ಗೆ ಗರಿಗಳ ಮೇಲೆ ಹನಿ ಕಾಣುತ್ತವೆಯೇ ಎಂದು ಕೇಳಿದೆ. "ಹೌದ್ರೀ ಸರ್, ತುದಿ ಮ್ಯಾಲೆ ಹನಿ ಇರ್ತಾವ್ರೀ" ಎಂದರು. ನನ್ನ ಪಾಲಿಗೆ ಅಷ್ಟು ಸಾಕಾಯಿತು. ಅಂಗಮಾರಿ ಎಂದೇ ಹೇಳಿದೆ, ಮೂವತ್ತೈದನೆಯ ದಿನಕ್ಕೆ ಹಾಕಬೇಕಿದ್ದ ಯೂರಿಯಾ ತಡೆಹಿಡಿಯಲು ಸೂಚಿಸಿದೆ. ಅವರು ಅಂಗಡಿಯಿಂದ ತಾಮ್ರದ ಪುಡಿ ಮತ್ತು ಪ್ರತಿಜೈವಿಕ ಪುಡಿ ತಂದು ನಾಲ್ಕೂ ಎಕರೆಗೆ ಸಿಂಪಡಿಸಿದರು.

ಈ ಊಹೆ ಆಧಾರವಿಲ್ಲದ್ದೇನೂ ಆಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಪ್ರಕರಣದ ತಿರುಳು ಅಲ್ಲಿಯೇ ಇದೆ. ಅವರು ಹಚ್ಚಿದ್ದು ಈ ಭಾಗದಲ್ಲಿ ಸೋನಾ ಮಸೂರಿ ಎಂದೇ ಕರೆಯುವ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ. ಈ ತಳಿ ಅಂಗಮಾರಿಗೆ ಸುಲಭವಾಗಿ ತುತ್ತಾಗುತ್ತದೆ. ಹಿಂದಿನ ವಾರ ಗಾಳಿ ಸಹಿತ ಮಳೆಯಾಗಿತ್ತು, ಮತ್ತು ಈ ದುಂಡಾಣು ಹರಡುವುದೇ ಗಾಳಿ ಮಳೆಯಲ್ಲಿ ಹಾಗೂ ಹರಿಯುವ ನೀರಿನಲ್ಲಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ಸೆಪ್ಟೆಂಬರಿನಲ್ಲಿ ತುದಿ ಒಣಗಿದ ಗರಿಯ ಫೋಟೊ ಬಂದರೆ ಕಣ್ಣು ಮುಚ್ಚಿ ಅಂಗಮಾರಿ ಎಂದರೂ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದರೆ ಹಾಗೆ ಸರಿಯಾಗುವುದು ಚಿತ್ರವನ್ನು ಓದಿದ್ದರಿಂದಲ್ಲ, ಹಂಗಾಮನ್ನು ಬಲ್ಲದ್ದರಿಂದ. ಹೇಳುವವರಿಗಾಗಲಿ ಕೇಳುವವರಿಗಾಗಲಿ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ; "ಈ ತಿಂಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ" ಎಂಬ ಮಾತು "ಈ ಗರಿಯಲ್ಲಿ ಇದೇ ಇದೆ" ಎಂದು ಬಾಯಿಂದ ಹೊರಬರುತ್ತದೆ.

ಸಿಂಪಡಿಸಿದ ಆರನೆಯ ದಿನ ಎರಡನೆಯ ಫೋಟೊ ಬಂತು. ಒಣಗು ಹೆಚ್ಚಿತ್ತು. ಅಂಗಡಿಯವರು ಇನ್ನೊಂದು ಸಲ ಹೊಡೆಯಿರಿ ಎಂದರು. ನಾನು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದಾಗ, ಮೊದಲ ದಿನವೇ ಕಾಣಬೇಕಿದ್ದ ಒಂದು ಸಂಗತಿ ಕಂಡಿತು. ಗರಿ ಉದ್ದಕ್ಕೆ ಸುರುಳಿ ಸುತ್ತಿಕೊಂಡಿತ್ತು. ಹಾಗಾಗಿ ನಾನು "ಒಂದು ಅಂಚಿನಗುಂಟ ಇಳಿದ ಹಳದಿ" ಎಂದುಕೊಂಡದ್ದು ಕ್ಯಾಮೆರಾ ಕಡೆಗಿದ್ದ ಒಂದೇ ಅಂಚಾಗಿತ್ತು. ಇನ್ನೊಂದು ಅಂಚು ಮಡಿಕೆಯೊಳಗೆ ಮರೆಯಾಗಿತ್ತು. ಅಂಗಮಾರಿಯ ಗುರುತೆಂದು ನಾವು ಹೇಳುವ ಅಲೆಅಲೆಯಾದ ಗೆರೆ ಕೂಡ ಸುರುಳಿಯ ಮೇಲೆ ಬಿದ್ದ ಮಧ್ಯಾಹ್ನದ ಬಿಸಿಲಿನದು. ವಾಟ್ಸ್‌ಆ್ಯಪ್ ಚಿತ್ರವನ್ನು ಹಿಂಡಿ ಕಳಿಸುವಾಗ ಹಳದಿಗೂ ಒಣಹುಲ್ಲಿನ ಬಣ್ಣಕ್ಕೂ ಇದ್ದ ಸಣ್ಣ ವ್ಯತ್ಯಾಸ ಅಳಿಸಿಹೋಗಿತ್ತು. ಇಷ್ಟಾದ ಮೇಲೆ ಫೋಟೊ ನಂಬಿಕೊಂಡು ಮಾತನಾಡುವಂತಿರಲಿಲ್ಲ. ಮರುದಿನ ನಸುಕಿನಲ್ಲಿ ಗದ್ದೆಗೆ ಹೋದೆ.

ಗದ್ದೆಯ ವಿವರಕ್ಕೆ ಹೋಗುವ ಮುನ್ನ ತುದಿ ಏಕೆ ಒಣಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಭತ್ತದ ಗರಿಯ ತುದಿ ಮತ್ತು ಅಂಚುಗಳಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ; ರಾತ್ರಿ ಬೇರು ಮೇಲಕ್ಕೆ ತಳ್ಳಿದ ಹೆಚ್ಚಿನ ನೀರು ಅವುಗಳ ಮೂಲಕ ಹೊರಗೆ ಜಿನುಗುತ್ತದೆ. ಅಂಗಮಾರಿಯ ದುಂಡಾಣು ಒಳಗೆ ಹೋಗುವುದು ಇವೇ ರಂಧ್ರಗಳಿಂದ, ಅಥವಾ ಗಾಳಿಗೆ ಗರಿ ಹರಿದು ಆದ ಗಾಯದಿಂದ. ಒಳಹೊಕ್ಕ ಮೇಲೆ ಅದು ನೀರಿನ ನಾಳಗಳಲ್ಲಿ ಬೆಳೆದು ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಅಂಗಮಾರಿ ತುದಿ ಮತ್ತು ಅಂಚಿನಿಂದ ಶುರುವಾಗುತ್ತದೆ. ಇತ್ತ ಸವಳು ನೀರು ಕುಡಿದ ಪೈರಿನಲ್ಲಿ, ಬೇರಿನಿಂದ ಏರಿದ ಉಪ್ಪು ನೀರಿನ ಜೊತೆ ಪ್ರಯಾಣ ಮಾಡಿ, ನೀರು ಆವಿಯಾಗಿ ಹೋದ ಮೇಲೆ ಗರಿಯಲ್ಲಿಯೇ ಉಳಿಯುತ್ತದೆ. ಹೆಚ್ಚು ಕಾಲ ನೀರೆಳೆದ ಹಳೆಯ ಗರಿಗಳಲ್ಲಿ, ಅದರಲ್ಲೂ ತುದಿಯಲ್ಲಿ, ಅದು ಮೊದಲು ಸುಡುತ್ತದೆ. ಒಂದು ಜೀವಿಯ ದಾಳಿ, ಇನ್ನೊಂದು ಉಪ್ಪಿನ ಸುಡು. ಹೀಗೆ ಎರಡಕ್ಕೂ ಒಂದೇ ನೀರಿನ ದಾರಿ ಇರುವುದರಿಂದ ಎರಡೂ ಕೊನೆಗೆ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಪೂರ್ತಿ ಒಣಗಿದ ಗರಿಯೊಂದನ್ನು ಕೈಗೆ ಕೊಟ್ಟರೆ ಬರಿಗಣ್ಣಿನಿಂದ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ರೈತರು ಫೋಟೊಗೆ ಆರಿಸುವುದು ಸಾಮಾನ್ಯವಾಗಿ ಅಂಥ ಗರಿಯನ್ನೇ, ಏಕೆಂದರೆ ಕಷ್ಟ ಎಷ್ಟಿದೆ ಎಂದು ತೋರಿಸುವುದು ಅವರ ಉದ್ದೇಶ. ಕಾರಣದ ಗುರುತು ಉಳಿದಿರುವುದು ಹಸಿರು ಮುಗಿದು ಹಳದಿ ಶುರುವಾಗುವ ಗಡಿಯಲ್ಲಿ, ಈಗಷ್ಟೇ ತೊಂದರೆ ಕಾಣಿಸಿಕೊಂಡ ಗರಿಯಲ್ಲಿ.

ನಾನು ಕೇಳಿದ್ದ ಹನಿಯ ಪ್ರಶ್ನೆ ಎಷ್ಟು ಕೆಟ್ಟದಾಗಿತ್ತು ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಆರೋಗ್ಯವಂತ ಪೈರಿನ ಗರಿ ತುದಿಯಲ್ಲೂ ಬೆಳಿಗ್ಗೆ ಹನಿ ನಿಲ್ಲುತ್ತದೆ, ಇಬ್ಬನಿಯೂ ಕೂಡುತ್ತದೆ. ಅಂಗಮಾರಿಯ ಹನಿ ಹಾಲು ಬೆರೆತಂತೆ ಮಸುಕಾಗಿರುತ್ತದೆ, ಬಿಸಿಲೇರಿದ ಮೇಲೆ ಹಳದಿ ಮಣಿಯಂತೆ ಗರಿಗೆ ಅಂಟಿ ಒಣಗುತ್ತದೆ. "ಹನಿ ಇದೆಯೇ" ಎಂದು ಕೇಳಿದರೆ ಭತ್ತ ಬೆಳೆಯುವ ಯಾರೂ ಹೌದು ಎನ್ನಲೇಬೇಕು. "ಹನಿ ಯಾವ ಬಣ್ಣದ್ದು, ಒಣಗಿದ ಮೇಲೆ ಏನು ಉಳಿಯುತ್ತದೆ" ಎಂದು ಕೇಳಿದ್ದರೆ ಉತ್ತರಕ್ಕೆ ಬೆಲೆ ಇರುತ್ತಿತ್ತು.

ಗದ್ದೆಯಲ್ಲಿ ಮೊದಲು ಮಾಡಿದ್ದು ಗರಿ ನೋಡುವುದಲ್ಲ, ಬದುವಿನ ಮೇಲೆ ಸುತ್ತು ಹಾಕುವುದು. ನಾಲ್ಕು ಎಕರೆ ಆರು ಮಡಿಗಳಾಗಿ ಹರಡಿತ್ತು, ಮೂಡಣದ ಕಡೆ ಎತ್ತರ, ಪಡುವಣದ ಕಡೆ ತಗ್ಗು. ತಗ್ಗಿನ ಎರಡು ಮಡಿಗಳಲ್ಲಿ ಪೈರು ಗಿಡ್ಡವಾಗಿ, ತೇಪೆ ಹಾಕಿದಂತೆ ಅಲ್ಲಲ್ಲಿ ಬೋಳಾಗಿತ್ತು. ಬದುವಿನ ಬುಡದಲ್ಲಿ ನೀರು ಇಂಗಿದ ಗೆರೆಯಗುಂಟ ಬಿಳಿ ಪದರ ಕಟ್ಟಿತ್ತು. ಬೆರಳಿಂದ ಉಜ್ಜಿದರೆ ಹಿಟ್ಟಿನಂತೆ ಉದುರುತ್ತಿತ್ತು. ಕೆಳಗಿನ ಹಳೆಯ ಗರಿಗಳೆಲ್ಲ ಎರಡೂ ಅಂಚಿನಿಂದ ಸಮನಾಗಿ ಸುಟ್ಟಿದ್ದವು, ನಡುವಿನ ಎಳೆಯ ಗರಿ ಹಸಿರಾಗಿಯೇ ಇತ್ತು. ಗುಂಪಿಗೆ ಬಂದ ಫೋಟೊದ ಗರಿಯನ್ನು ಎಲ್ಲಿ ಕಿತ್ತಿರಿ ಎಂದು ಕೇಳಿದಾಗ ಅವರು ಆ ತಗ್ಗಿನ ಮೂಲೆಯನ್ನೇ ತೋರಿಸಿದರು.

ಆಗ ನೀರಿನ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕಾಲುವಿ ನೀರು ಪಾಳಿ ತಪ್ಪಿತ್ರೀ ಸರ್. ಹನ್ನೆರಡು ದಿನ ಹಳ್ಳಕ್ಕ ಪಂಪ್ ಇಟ್ಟು ಎತ್ತೀನ್ರೀ. ಮತ್ತೇನು ಮಾಡ್ಲಿ, ಒಣಗಾಕ ಬಿಡ್ಲಾ?" ಅವರು ಮಾಡಿದ್ದು ತಪ್ಪೆಂದು ಹೇಳುವ ಅಧಿಕಾರ ಕೊನೆ ಭಾಗದ ಗದ್ದೆ ನೋಡಿದ ಯಾರಿಗೂ ಇರಲಾರದು. ಆದರೆ ಆ ಹಳ್ಳಕ್ಕೆ ಬರುವುದು ಮೇಲಿನ ಊರುಗಳ ಗದ್ದೆಗಳಿಂದ ಬಸಿದ ನೀರು, ಕಪ್ಪು ಎರೆಮಣ್ಣಿನ ಉಪ್ಪನ್ನು ತೊಳೆದುಕೊಂಡೇ ಬರುತ್ತದೆ. ನನ್ನ ಬಳಿ ವಿದ್ಯುತ್ ವಾಹಕತೆ ಅಳೆಯುವ ಪೆನ್ನಿನಂಥ ಸಣ್ಣ ಉಪಕರಣವಿತ್ತು. ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಅದರ ಅಂಕಿ ಏರುತ್ತದೆ. ಕಾಲುವೆಯ ನೀರಿನಲ್ಲಿ 0.4, ಹಳ್ಳದ ನೀರಿನಲ್ಲಿ 2.7, ತಗ್ಗಿನ ಮಡಿಯಲ್ಲಿ ನಿಂತಿದ್ದ ನೀರಿನಲ್ಲಿ 4.6 ಡೆಸಿಸೀಮನ್ಸ್ ಪ್ರತಿ ಮೀಟರ್ ಬಂತು. ಭತ್ತದ ಇಳುವರಿ ಕುಗ್ಗದಂತೆ ಹಾಯಿಸಬಹುದಾದ ನೀರಿನ ಮಿತಿ ಸುಮಾರು 2 ಎಂದು ಲೆಕ್ಕ. ಹಳ್ಳದ ನೀರು ಆ ಮಿತಿಯನ್ನು ಸ್ವಲ್ಪವೇ ದಾಟಿತ್ತು. ತಗ್ಗಿನಲ್ಲಿ ನಿಂತು, ಬಿಸಿಲಿಗೆ ಆರಿ, ಮತ್ತೆ ಅದೇ ನೀರು ಸೇರಿ ಅದು ಗಟ್ಟಿಯಾಗುತ್ತಾ ಹೋಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮೊದಲ ಸಲ ಮಾಡಿದ ತಪ್ಪನ್ನೇ ಇನ್ನೊಂದು ಹೆಸರಿನಲ್ಲಿ ಮಾಡಿದಂತಾಗುತ್ತಿತ್ತು. ಸವಳು ಇದೆ ಎಂದು ಸಿಕ್ಕ ಪುರಾವೆ ಅಂಗಮಾರಿ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಹಾಗಾಗಿ ಅವರ ಮನೆಯಿಂದ ಎರಡು ಗಾಜಿನ ಲೋಟ ಮತ್ತು ಕುಡಿಯುವ ನೀರು ತರಿಸಿದೆ. ಈ ಪರೀಕ್ಷೆಗೆ ಹೆಚ್ಚೇನೂ ಬೇಡ. ಹಳದಿ ಮತ್ತು ಹಸಿರು ಕೂಡುವ ಗಡಿ ನಡುವೆ ಬರುವಂತೆ ಎರಡು ಅಂಗುಲದ ತುಂಡನ್ನು ಹರಿತ ಬ್ಲೇಡಿನಿಂದ ಕತ್ತರಿಸಿ, ಕತ್ತರಿಸಿದ ತುದಿ ನೀರಿನಲ್ಲಿ ಇಳಿದಿರುವಂತೆ ಹಿಡಿದು, ಲೋಟದ ಹಿಂದೆ ಕಪ್ಪು ಬಟ್ಟೆ ಇಟ್ಟು, ಅಲುಗಾಡಿಸದೆ ಐದರಿಂದ ಹತ್ತು ನಿಮಿಷ ಕಾಯಬೇಕು. ದುಂಡಾಣು ಇದ್ದರೆ ಕತ್ತರಿಸಿದ ಬಾಯಿಂದ ಊದುಬತ್ತಿಯ ಹೊಗೆಯ ಎಳೆ ಕೆಳಮುಖವಾಗಿ ಇಳಿದಂತೆ ಮಸುಕು ಧಾರೆ ಇಳಿಯುತ್ತದೆ. ಪಕ್ಕದ ಲೋಟದಲ್ಲಿ ಆರೋಗ್ಯವಾದ ಗರಿಯ ತುಂಡೊಂದನ್ನು ಹೀಗೆಯೇ ಹಿಡಿದಿರಬೇಕು, ಏಕೆಂದರೆ ಕತ್ತರಿಸಿದ ಯಾವ ಗರಿಯಿಂದಲೂ ಕೊಂಚ ರಸ ಬರುತ್ತದೆ, ಅದನ್ನು ಧಾರೆ ಎಂದು ತಪ್ಪು ತಿಳಿಯಬಾರದು. ಪೂರ್ತಿ ಒಣಗಿದ ಗರಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ರೋಗವಿದ್ದರೂ ಧಾರೆ ಬರದೆ ಇರಬಹುದು.

ತಗ್ಗಿನ ಮಡಿಗಳಿಂದ ತೆಗೆದ ಎಂಟು ಗರಿಗಳಲ್ಲಿ ಒಂದರಿಂದಲೂ ಧಾರೆ ಬರಲಿಲ್ಲ. ಎತ್ತರದ ಕಡೆಯ ಮೊದಲ ಮಡಿಯಲ್ಲಿ, ಅಂದರೆ ನೆರೆಯವರ ಗದ್ದೆಯಿಂದ ನೀರು ಒಳಬರುವ ಬಾಯಿಯ ಹತ್ತಿರ, ಐದು ಗರಿ ತೆಗೆದೆ. ಅಲ್ಲಿ ಹಳದಿ ಒಂದೇ ಅಂಚಿನಲ್ಲಿ ನಿಜವಾಗಿಯೂ ಅಲೆಯಂತೆ ಇಳಿದಿತ್ತು. ಎರಡನೆಯ ಗರಿಯನ್ನು ನೀರಿಗೆ ಇಳಿಸಿ ನಾಲ್ಕು ನಿಮಿಷ ಆಗಿರಬಹುದು, ಕಪ್ಪು ಬಟ್ಟೆಯ ಎದುರು ತೆಳ್ಳನೆಯ ಬಿಳಿ ಎಳೆಯೊಂದು ಬಳುಕುತ್ತಾ ಲೋಟದ ತಳಕ್ಕೆ ಇಳಿಯಿತು. ರೈತರು ಬಗ್ಗಿ ನೋಡಿ "ಇದು ಹಾಲು ಬಿಟ್ಟಾಂಗ ಐತಲ್ರೀ" ಎಂದರು. ಐದರಲ್ಲಿ ಮೂರು ಗರಿಗಳು ಹಾಗೆಯೇ ತೋರಿಸಿದವು. ಅಂದರೆ ಅವರ ಗದ್ದೆಯಲ್ಲಿ ಅಂಗಮಾರಿ ಇತ್ತು. ಆದರೆ ಅವರು ಫೋಟೊ ತೆಗೆದ ಜಾಗದಲ್ಲಿ ಅದು ಸಿಗಲಿಲ್ಲ, ಅವರಿಗೆ ಹೆಚ್ಚಿನ ನಷ್ಟ ಮಾಡುತ್ತಿದ್ದುದೂ ಅದಲ್ಲ.

ಇದು ಬರೀ ಹೆಸರಿನ ಗೊಂದಲವಲ್ಲ, ಏಕೆಂದರೆ ಎರಡರ ಪರಿಹಾರಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಸವಳಿಗೆ ಮದ್ದು ನೀರು: ನಿಂತ ನೀರನ್ನು ಬಸಿದು, ಒಳ್ಳೆಯ ನೀರು ಕಟ್ಟಿ, ಮತ್ತೆ ಬಸಿಯಬೇಕು. ಈ ಭಾಗದಲ್ಲಿ ನೀರು ಮಡಿಯಿಂದ ಮಡಿಗೆ ಹರಿಯುವುದೇ ರೂಢಿ. ಹಾಗೆ ಹರಿಸಿದ್ದರೆ ಎತ್ತರದ ಮಡಿಯ ದುಂಡಾಣು ನೀರಿನೊಂದಿಗೆ ಆರೂ ಮಡಿಗಳನ್ನು ಸುತ್ತುತ್ತಿತ್ತು. ಅಂಗಮಾರಿ ಒಂದೇ ಎಂದು ನಂಬಿ ನಡೆದಿದ್ದರೆ ತಗ್ಗಿನ ಉಪ್ಪು ಅಲ್ಲಿಯೇ ಗಟ್ಟಿಯಾಗುತ್ತಿತ್ತು. ಎರಡನ್ನೂ ಗೊತ್ತುಮಾಡಿಕೊಂಡ ಮೇಲೆ, ತಗ್ಗಿನ ಎರಡು ಮಡಿಗಳ ಬದುವನ್ನು ಪಡುವಣದಲ್ಲಿ ಒಡೆದು ನೇರವಾಗಿ ಬಸಿಗಾಲುವೆಗೆ ದಾರಿ ಮಾಡಿದೆವು, ಮೇಲಿನ ಮಡಿಯಿಂದ ಬರುವ ಬಾಯಿ ಮುಚ್ಚಿ ಕಾಲುವೆಯಿಂದ ಪ್ರತ್ಯೇಕ ಪೈಪು ಎಳೆದೆವು. ಮುಂದಿನ ಎರಡು ಪಾಳಿಗಳಲ್ಲಿ ಹೀಗೆ ನೀರು ಕಟ್ಟಿ ಬಸಿದ ಮೇಲೆ ನಿಂತ ನೀರಿನ ಅಂಕಿ 1.8ಕ್ಕೆ ಇಳಿಯಿತು. ಮೊದಲ ಮಡಿಗೆ ಮಾತ್ರ ಯೂರಿಯಾ ಮುಂದೂಡಿ, ಬಳಿಕ ಸಣ್ಣ ಕಂತುಗಳಲ್ಲಿ ಕೊಟ್ಟೆವು, ಏಕೆಂದರೆ ಸಾರಜನಕ ಹೆಚ್ಚಾದ ಮೆತ್ತನೆಯ ಪೈರಿನಲ್ಲಿ ಅಂಗಮಾರಿ ಬೇಗ ಹಬ್ಬುತ್ತದೆ. ಪ್ರತಿಜೈವಿಕವನ್ನು ಮತ್ತೆ ಹೊಡೆಯಲಿಲ್ಲ. ನಾಳದೊಳಗೆ ಇಳಿದ ಈ ರೋಗವನ್ನು ಸಿಂಪಡಣೆಯಿಂದ ನಂಬಿಕೆಯಿಟ್ಟು ನಿಲ್ಲಿಸಲಾಗದು. ಗಟ್ಟಿಯಾದ ರಕ್ಷಣೆ ಇರುವುದು ತಳಿಯಲ್ಲಿ. ಮೂರು ನಿರೋಧಕ ವಂಶವಾಹಿಗಳನ್ನು ಸೇರಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿಯೇ ಬಿಡುಗಡೆಯಾಗಿದೆ. ಬಿಪಿಟಿ 5204 ಬಿಡಲು ಮನಸ್ಸಿಲ್ಲದವರು ಈ ಸುಧಾರಿತ ತಳಿಯನ್ನು ಒಂದು ಮಡಿಯಲ್ಲಾದರೂ ಹಚ್ಚಿ ನೋಡಬೇಕೆಂಬುದು ನನ್ನ ಕಳಕಳಿಯ ಮಾತು.

ಎಲೆಯ ಫೋಟೊದಿಂದ ರೋಗ ಹೇಳುವ ಮೊಬೈಲ್ ಆ್ಯಪ್‌ಗಳ ಬಗ್ಗೆಯೂ ಇಲ್ಲಿ ಹೇಳುವುದು ಅಗತ್ಯ, ಏಕೆಂದರೆ ಅಲ್ಲಿಯೂ ಇದೇ ತೊಡಕಿದೆ, ಮತ್ತು ಅಲ್ಲಿ ಅದು ಅಂಕಿಯ ವೇಷದಲ್ಲಿ ಬರುತ್ತದೆ. ಈ ಕ್ಷೇತ್ರದಲ್ಲಿ ಬಹಳ ಹೆಸರಾದ 2016ರ ಒಂದು ಅಧ್ಯಯನದಲ್ಲಿ 14 ಬೆಳೆಗಳ 26 ರೋಗಗಳಿಗೆ ಸೇರಿದ, ಆರೋಗ್ಯವಾದ ಎಲೆಗಳೂ ಇದ್ದ 54,306 ಚಿತ್ರಗಳನ್ನು ಬಳಸಲಾಗಿತ್ತು. ಎಲೆಯನ್ನು ಕಿತ್ತು ಒಂದೇ ಬಣ್ಣದ ಹಿನ್ನೆಲೆಯಲ್ಲಿ ಇಟ್ಟು ತೆಗೆದ ಚಿತ್ರಗಳವು. ಅವುಗಳಿಂದ ಕಲಿತ ಕಂಪ್ಯೂಟರ್ ಮಾದರಿ, ಅದೇ ಬಗೆಯ, ಆದರೆ ಕಲಿಕೆಗೆ ಬಳಸದ ಚಿತ್ರಗಳ ಮೇಲೆ 99.35 ಶೇಕಡ ಸರಿ ಹೇಳಿತು. ಬೇರೆ ಕಡೆಯಿಂದ ತಂದ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳ ಮೇಲೆ ನಿಖರತೆ 31 ಶೇಕಡದ ಆಸುಪಾಸಿಗೆ ಕುಸಿಯಿತು. ಇದನ್ನು ಆ ಅಧ್ಯಯನ ಮಾಡಿದವರೇ ತಮ್ಮ ವರದಿಯಲ್ಲಿ ಬರೆದಿದ್ದಾರೆ. ಆ 14 ಬೆಳೆಗಳಲ್ಲಿ ಭತ್ತ ಇರಲಿಲ್ಲ. ಈಗಿನ ಆ್ಯಪ್‌ಗಳು ಭತ್ತದ ಚಿತ್ರಗಳನ್ನೂ ಕಲಿತಿರುತ್ತವೆ, ನಿಜ. ಆದರೆ ಪರದೆಯ ಮೇಲೆ 95 ಶೇಕಡ ಎಂದು ಬಂದಾಗ ಆ ಅಂಕಿಯ ಅರ್ಥವೇನೆಂದು ಕೇಳಿಕೊಳ್ಳಬೇಕು. ಸಾಮಾನ್ಯವಾಗಿ ಅದು ತನ್ನ ಪಟ್ಟಿಯಲ್ಲಿರುವ ಹೆಸರುಗಳ ನಡುವೆಯೇ ನೂರು ಅಂಕ ಹಂಚಿದ ಲೆಕ್ಕ. ಪಟ್ಟಿಯಲ್ಲಿ ಸವಳು ನೀರು ಇಲ್ಲದಿದ್ದರೆ ಅದಕ್ಕೆ ಒಂದು ಅಂಕವೂ ಸಿಗುವುದಿಲ್ಲ, ಸಿಗಬೇಕಿದ್ದ ಅಂಕ ತೀರಾ ಹೋಲುವ ರೋಗದ ಪಾಲಾಗುತ್ತದೆ. ನಮ್ಮ ಗುಂಪಿನಲ್ಲಿ ನಡೆದದ್ದೂ ಇದೇ ಬಗೆಯದು. "ಏನು ಎಣ್ಣಿ ಹೊಡೀಬೇಕು" ಎಂಬ ಪ್ರಶ್ನೆಯ ಒಳಗೇ ಉತ್ತರ ಒಂದು ರೋಗದ ಹೆಸರೇ ಆಗಿರಬೇಕೆಂಬ ಷರತ್ತಿತ್ತು. ನೀರು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಮೊದಲ ದಿನ ನಾನೂ ಕೇಳಲಿಲ್ಲ.

ಇಂಥ ತಪ್ಪುಗಳು ಏಕೆ ತಿದ್ದಿಕೊಳ್ಳುವುದಿಲ್ಲ ಎಂಬುದೂ ಈ ಗದ್ದೆಯಲ್ಲಿ ಕಾಣುತ್ತದೆ. ಸಿಂಪಡಿಸಿದ ಮರುದಿನ ದೊಡ್ಡ ಮಳೆ ಬಂದಿದ್ದರೆ ಉಪ್ಪು ತೊಳೆದು ಹೋಗಿ ಹೊಸ ಗರಿಗಳು ಹಸಿರಾಗಿ ಬರುತ್ತಿದ್ದವು, ಪುಡಿ ಕೆಲಸ ಮಾಡಿತು ಎಂದು ಎಲ್ಲರೂ ಹೇಳುತ್ತಿದ್ದೆವು, ಮುಂದಿನ ಫೋಟೊಗೆ ಇನ್ನಷ್ಟು ಗಟ್ಟಿ ದನಿಯಲ್ಲಿ ಉತ್ತರಿಸುತ್ತಿದ್ದೆವು. ಸುಟ್ಟ ತುದಿ ಮರಳಿ ಹಸಿರಾಗುವುದಿಲ್ಲವಾದ್ದರಿಂದ ಗುಣವನ್ನು ಅಳೆಯಬೇಕಾದದ್ದು ಹಳೆಯ ಗರಿಯಲ್ಲಿ ಅಲ್ಲ, ಆಮೇಲೆ ಬಂದ ಎರಡು ಗರಿಗಳಲ್ಲಿ. ನೀರು ಬದಲಿಸಿ ಹತ್ತು ದಿನಗಳಾದ ಮೇಲೆ ಅವು ತುದಿಯವರೆಗೂ ಹಸಿರಾಗಿ ಬಂದವು. ಮಣ್ಣಿನ ಮಾದರಿಯನ್ನೂ ಪರೀಕ್ಷೆಗೆ ಕಳಿಸಿದ್ದೆವು, ಏಕೆಂದರೆ ಪೆನ್ನು ಅಳೆಯುವುದು ನೀರನ್ನು, ಬೇರಿನ ಸುತ್ತಲ ಮಣ್ಣನ್ನಲ್ಲ. ಮೂರು ವಾರದ ನಂತರ ಬಂದ ವರದಿ ತಗ್ಗಿನ ಮಡಿಗಳು ಸವಳೆಂದೇ ಹೇಳಿತು.

ಈಗ ನನ್ನ ಬಳಿ ಯಾರಾದರೂ ಗರಿಯ ಫೋಟೊ ಕಳಿಸಿದರೆ ಮೊದಲು ಇನ್ನೂ ಮೂರು ಚಿತ್ರ ಕೇಳುತ್ತೇನೆ: ಬದುವಿನ ಮೇಲೆ ನಿಂತು ತೆಗೆದ ಇಡೀ ಮಡಿ, ಬುಡದಿಂದ ತುದಿಯವರೆಗೆ ಒಂದು ಪೂರ್ತಿ ಪೈರು, ಬೆಳಗಿನ ನೆರಳಿನಲ್ಲಿ ಬಿಡಿಸಿ ಹಿಡಿದ ಗರಿಯ ಹಳದಿ-ಹಸಿರು ಗಡಿ. ಕಳೆದ ಹದಿನೈದು ದಿನ ಎಲ್ಲಿಯ ನೀರು ಹಾಯಿಸಿದಿರಿ ಎಂದು ಕೇಳುತ್ತೇನೆ. ಉತ್ತರ ಕೊಡುವಾಗ ಎರಡು ಕಾರಣಗಳನ್ನು ಹೆಸರಿಸಿ, ಅವುಗಳನ್ನು ಬೇರ್ಪಡಿಸಲು ಲೋಟದ ಪರೀಕ್ಷೆ ಮಾಡಿ ಸಂಜೆಯೊಳಗೆ ತಿಳಿಸಿ ಎನ್ನುತ್ತೇನೆ. ಕೆಲವರಿಗೆ ಇದು ಬೇಸರ ತರುತ್ತದೆ. ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಉತ್ತರ ಸಿಗುವಾಗ ಇವರೇಕೆ ಇಷ್ಟು ಕೇಳುತ್ತಾರೆ ಎಂದು ಒಬ್ಬರು ನನಗೇ ಹೇಳಿದ್ದಾರೆ.

ಡಿಸೆಂಬರಿನಲ್ಲಿ ರಾಶಿ ಆಯಿತು. ಎತ್ತರದ ಮಡಿಗಳಲ್ಲಿ ಎಕರೆಗೆ 33 ಚೀಲ, ತಗ್ಗಿನ ಎರಡು ಮಡಿಗಳಲ್ಲಿ 24 ಚೀಲ ಬಂತು, ಚೀಲ 75 ಕಿಲೋ. ಆ ಒಂಬತ್ತು ಚೀಲದ ನಷ್ಟದಲ್ಲಿ ಎಷ್ಟು ಹಳ್ಳದ ನೀರಿನದು, ನನ್ನ ಮಾತಿನಂತೆ ತಗ್ಗಿನ ಮಡಿಗೂ ಯೂರಿಯಾ ಎಂಟು ದಿನ ತಡೆದದ್ದರಿಂದ ಎಷ್ಟು, ಗೊತ್ತುಮಾಡಲು ಸಾಧ್ಯವಾಗಲಿಲ್ಲ. ರಾಶಿಯ ಕಣದಲ್ಲಿ ನಿಂತು ಇದನ್ನು ಅವರಿಗೆ ನೇರವಾಗಿ ಹೇಳಿದೆ. ಅವರು ಲೆಕ್ಕದ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ತಗ್ಗಿನ ಮಡಿಯ ಬಸಿಗಾಲುವೆಯನ್ನು ಬೇಸಿಗೆಯೊಳಗೆ ಇನ್ನೊಂದು ಮೊಳ ಆಳ ಮಾಡಿಸಬೇಕು, ಜೆಸಿಬಿ ಯಾವಾಗ ಸಿಗುತ್ತದೋ ವಿಚಾರಿಸಿ ಎಂದರು.